ಕನಸಿನ ಹಾಡು ಯಾರ ಪಾಲಿಂದು?

ಟಿವೀಲಿ ಹಾಡು ಶುರುವಾದ್ರೆ ನಮ್ಮಜ್ಜಿದು ಒಂದೇ ತಕರಾರು. "ಈಗ್ತಾನೆ ಬಚ್ಚಲುಮನೆ ಬಾಗ್ಲಲ್ಲಿ ನಿಂತಿದ್ಲಲ್ಲೋ, ಇಷ್ಟು ಬೇಗ ಕನ್ನಂಬಾಡಿಗೆ ಹೆಂಗೋದ್ಲು?" ಮಂಡ್ಯದವ್ರ ಕಷ್ಟ ಇದು. 60-70ರ ದಶಕದಲ್ಲಿ ಕನ್ನಡ, ತಮಿಳು, ಹಿಂದಿ ಅಂತ ಎಲ್ಲಾ ಭಾಷೆ ಜೋಡಿಗಳೂ ಬೃಂದಾವನದ ಕಾರಂಜಿ ಸುತ್ತ ಕುಣಿದು ಹೋದ್ರು, ಬೇರೆ ಊರವ್ರಿಗೆ ಅದು ಯಾವ್ದೋ ಗಂಧರ್ವಲೋಕ, ನಮಗೆ ಪುಳಿಯೋಗರೆ ಡಬ್ಬಿ ಹಿಡ್ಕೊಂಡು ಹೋಗೋ ಜಾಗ. ಕನಸು ಅನ್ನೋಕೆ ಊರಿಲ್ಲದ ಊರು ಬೇಕು, ಅಜ್ಜಿಗೆ ಅಲ್ಲಿನ ಮೆಟ್ಲೆಷ್ಟು ಅಂತ ಗೊತ್ತು. ಆಮೇಲೆ ಪ್ರೊಡ್ಯೂಸರ್‌ಗಳು ಸ್ವಿಟ್ಜರ್‌ಲ್ಯಾಂಡಿಗೆ ಹೋದ್ಮೇಲೇ ಅಜ್ಜಿ ಸುಮ್ನಾಗಿದ್ದು.

ಆದ್ರೆ ಹಾಡು ಓದೋದ್ರಲ್ಲಿ ಅಜ್ಜಿ ನಮಗಿಂತ ಶಾನೆ ಮುಂದೆ. ನಾವು ಡ್ಯಾನ್ಸ್ ನೋಡ್ತಿದ್ರೆ ಅವ್ರು ನೋಡ್ತಿದ್ದಿದ್ದು ಹಾಡಿಗೆ ಮುಂಚಿನ ಮುಖ. ಹುಡುಗಿ ಒಲೆ ಮೇಲೆ ಹಾಲಿಟ್ಟಿರ್ತಾಳೆ, ಕ್ಯಾಮೆರಾ ಮುಖದ ಹತ್ರ ಬರುತ್ತೆ, ಕಣ್ಣು ಒಂಚೂರು ಮೇಲಕ್ಕೆ ಹೋಗುತ್ತೆ, ಚಿತ್ರ ನೀರಿನ ಥರ ಅಲೆ ಅಲೆಯಾಗುತ್ತೆ, ಹಾಡು. ನಾಲ್ಕು ಸೀರೆ ಬದಲಾದ್ಮೇಲೆ ಹಾಲು ಉಕ್ಕುತ್ತೆ, ಅತ್ತೆ ಬೈತಾಳೆ, ಹಾಡು ಮುಗೀತು. "ಇದು ಇವಳ ಕನಸು ಕಣ್ಲಾ, ಅವನಿಗೆ ಗೊತ್ತೇ ಇಲ್ಲ. ಇವಳಿಗೆ ಅವನು ಸಿಗಾಕಿಲ್ಲ ಬುಡು." ಇನ್ನೂ ಇಂಟರ್ವಲ್ ಕೂಡ ಆಗಿರ್ತಿರ್ಲಿಲ್ಲ!

ಅಜ್ಜಿ ಲೆಕ್ಕ ಏನು ಅಂತ ನನಗೆ ಹೊಳೆದಿದ್ದು ಎಷ್ಟೋ ವರ್ಷ ಆದ್ಮೇಲೆ. ಇಬ್ರೂ ನಿಜವಾಗ್ಲೂ ಒಪ್ಪಿ ಹಾಡೋ ಹಾಡಿಗೆ ಕಥೆಯೊಳಗೆ ಸಾಕ್ಷಿ ಇರುತ್ತೆ, ಜಾತ್ರೆ ಜನ ಇರ್ತಾರೆ, ಸೈಕಲ್ ಇರುತ್ತೆ, ಬಟ್ಟೆ ಅದೇ, ಮುಂದಿನ ಸೀನಲ್ಲಿ ಯಾರೋ ಒಬ್ರು ಹೋಗಿ ಅಪ್ಪನಿಗೆ ಚಾಡಿ ಹೇಳ್ತಾರೆ. ಕನಸಿನ ಹಾಡಲ್ಲಿ ಪಾರ್ಕೆಲ್ಲಾ ಖಾಲಿ, ಚರಣಕ್ಕೊಂದು ಬಟ್ಟೆ, ಮುಗಿದ್ಮೇಲೆ ಅದರ ಸುದ್ದಿ ಯಾರೂ ಎತ್ತಲ್ಲ. ಅಂದ್ರೆ ಅದು ಒಬ್ಬರ ತಲೆಯೊಳಗಿನ ಮಾತು, ಇನ್ನೊಬ್ಬರ ಒಪ್ಪಿಗೆ ಇನ್ನೂ ಬಂದಿಲ್ಲ. ಎರಡನೇ ನಾಯಕಿ ಬಾಯಿಬಿಟ್ಟು ಹೇಳಕ್ಕಾಗದ್ದನ್ನೆಲ್ಲ ಅಲ್ಲಿ ಹೇಳಿ ಮುಗಿಸ್ತಾಳೆ, ಪ್ರೀತಿ ಮಾತ್ರ ಅಲ್ಲ, ಹಳ್ಳಿಲಿ ಲಂಗ ದಾವಣಿ ಹಾಕೋಳು ಅಲ್ಲಿ ಕಾರಿಂದ ಇಳೀತಾಳೆ, ಕೂಲಿಂಗ್ ಗ್ಲಾಸ್ ಹಾಕ್ತಾಳೆ. ಜೊತೆಗೆ ತುಂಬಿದ ಮನೇಲಿ ಗಂಡ ಹೆಂಡ್ತಿ ಎರಡು ಮಾತಾಡೋಕೂ ಜಾಗ ಇಲ್ಲದ ಕಾಲ ಅದು, ತೆರೆ ಮೇಲೆ ಮುತ್ತಂತೂ ಇಲ್ಲವೇ ಇಲ್ಲ, ಹಂಗಾಗಿ ಖಾಲಿ ಪಾರ್ಕು ಅಂದ್ರೆ ಅರ್ಧ ಬೆಡ್‌ರೂಮೇ ಅಂದ್ಕೊಳ್ಳಿ.

ಎಲ್ಲಾ ಕನಸೂ ಪ್ರೀತೀದೇ ಅಂತಲ್ಲ. 1951ರ ರಾಜ್ ಕಪೂರ್ ಅವರ 'ಆವಾರಾ'ದ ಕನಸು ನೋಡಿ. ಮೊದಲು ಮೋಡದ ನಡುವೆ ನರ್ಗಿಸ್ ಕರೀತಾರೆ, ಆಮೇಲೆ ಬೆಂಕಿ, ಪಿಶಾಚಿಗಳ ನರಕ, ಅಲ್ಲಿ ನಾಯಕ ನಂಗೆ ಈ ಬದುಕು ಬೇಡ ಅಂತ ಗೋಳಾಡ್ತಾನೆ, ಅಲ್ಲಿಂದ ಮೇಲೆ ಬಂದ್ರೆ ದೇವರ ಮೂರ್ತಿ ಮುಂದೆ ಸ್ವಾಗತದ ಹಾಡು. ಅಷ್ಟರಲ್ಲಿ ಅವನನ್ನ ಕಳ್ಳತನಕ್ಕೆ ಇಳಿಸಿದ ಜಗ್ಗಾ ದೈತ್ಯನ ಹಾಗೆ ಚಾಕು ಹಿಡ್ಕೊಂಡು ಎದ್ದು ನಿಲ್ತಾನೆ, ಎಚ್ಚರ ಆಗುತ್ತೆ. ಕಳ್ಳತನ ಬಿಡ್ಬೇಕು ಅನ್ನೋ ಆಸೆ, ಬಿಟ್ರೆ ಜಗ್ಗಾ ಬಿಡಲ್ಲ ಅನ್ನೋ ಭಯ, ಅದನ್ನ ಡೈಲಾಗಲ್ಲಿ ಹೇಳಿದ್ರೆ ಪ್ರವಚನ ಆಗ್ತಿತ್ತು, ಕನಸಲ್ಲಿ ನಮಗೂ ಕಾಲ್ಕೆಳಗಿನ ನೆಲ ಕುಸಿದಂಗಾಗುತ್ತೆ. ಅಜ್ಜಿ ಇದನ್ನ ನೋಡಿದ್ರೋ ಇಲ್ವೋ ಗೊತ್ತಿಲ್ಲ, ನೋಡಿದ್ರೆ ಆ ಚಾಕು ಕಂಡ ತಕ್ಷಣ ಮುಂದಿನ ಕಥೆ ಹೇಳಿರೋರು.

ಈ ಲೆಕ್ಕ ಯಾವಾಗ್ಲೂ ತಾಳೆ ಆಗಲ್ಲ ಅಂತಾನೂ ಹೇಳ್ಬಿಡ್ತೀನಿ. ಎಷ್ಟೋ ಸಿನಿಮಾದಲ್ಲಿ ಮುಖನೇ ತೋರ್ಸಲ್ಲ, ಫೈಟ್ ಮುಗಿದ ತಕ್ಷಣ ಹಿಮದಲ್ಲಿ ಕುಣಿತಾರೆ, ಆ ಕನಸಿಗೆ ಅಪ್ಪ ಅಮ್ಮ ಯಾರೂ ಇಲ್ಲ, ಜನ ಎದ್ದು ಬೋಂಡಾ ತಿನ್ನೋಕೆ ಹೋಗ್ತಾರೆ. ತುಟಿ ಆಡಿಸದೆ ಹಿಂದೆ ಹಾಡು ಬಿಟ್ಟು ಇವ್ರು ಬೈಕಲ್ಲಿ ಸುತ್ತೋ ಮಾಂಟಾಜ್ ಬೇರೆ ಥರ, ಅದು ತಿಂಗಳು ಕಳೀತು ಅಂತಷ್ಟೇ ಹೇಳೋದು.

ಮೊನ್ನೆ ಭಾನುವಾರ ಒಂದು ಹಳೇ ಸಿನಿಮಾ ಹಾಕಿದ್ರು. ಕೊನೇಲಿ ಮದುವೆ ಮಂಟಪ, ಮೂಲೇಲಿ ನಾಯಕನ ಅತ್ತೆ ಮಗಳು ಕಂಬ ಹಿಡ್ಕೊಂಡು ಬಿಕ್ಕಿಬಿಕ್ಕಿ ಅಳ್ತಿದ್ಲು. ನನ್ನ ತಂಗಿ ಮಗಳು, ಆರನೇ ಕ್ಲಾಸು, "ಮಾವ, ಇವ್ಳು ಯಾಕೆ ಅಳ್ತಾಳೆ? ಇವ್ಳಿಗೇನಾಯ್ತು?" ಅಂದ್ಲು. ನಾನು ಚಿಕ್ಕವನಿದ್ದಾಗ ನೋಡಿದ್ದ ಪಿಚ್ಚರು ಅದು, ಹಾಲು ಉಕ್ಕೋದೂ ನೆನಪಿದೆ.

"ಅವಳದ್ದೂ ಒಂದು ಹಾಡಿತ್ತು ಕಣೇ," ಅಂದೆ, "ಅಡ್ವರ್‌ಟೈಸ್‌ಮೆಂಟ್‌ಗೆ ಕಟ್ ಮಾಡ್ಬಿಟ್ಟವ್ರೆ."