ದುಡ್ಡು ಹಕ್ಕಿಲ್ಲದವರಿಗೆ, ಕಾಗದದ ಕಾಟ ಹಕ್ಕಿದ್ದವರಿಗೆ

ಹಳೆ ಫುಟೇಜ್‌ಗೆ ದುಡ್ಡು ಕೇಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅದನ್ನು ಮಾರುವ ಏಜೆನ್ಸಿಯವರು ರೀಲನ್ನು ಕಾಪಾಡಿದ್ದಾರೆ, ಸ್ಕ್ಯಾನ್ ಮಾಡಿಸಿದ್ದಾರೆ, ಅದಕ್ಕೆ ಖರ್ಚಿದೆ. ಅದನ್ನು ಕೇಳಲಿ, ಕೊಡೋಣ. ಆದರೆ ತಮ್ಮದಲ್ಲದ ಹಕ್ಕನ್ನು ತಮ್ಮದೇ ಎನ್ನುವ ಹಾಗೆ ಸೆಕೆಂಡಿಗಿಷ್ಟು ಅಂತ ಮಾರುತ್ತಾರಲ್ಲ, ಅದು ಮೈ ಉರಿಸುತ್ತದೆ.

ನಾವು ಮಾಡ್ತಿರೋದು 1947ರ 'ಮೈಸೂರು ಚಲೋ' ಬಗ್ಗೆ ಒಂದು ಸಣ್ಣ ಡಾಕ್ಯುಮೆಂಟರಿ. ದೇಶಕ್ಕೆಲ್ಲ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದಿತ್ತು. ಆದರೆ ಮೈಸೂರಿನಲ್ಲಿ ಇನ್ನೂ ಮಹಾರಾಜರ ಆಳ್ವಿಕೆಯೇ ಇತ್ತು. ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಬೇಕು ಅಂತ ಸೆಪ್ಟೆಂಬರ್ 1ರಿಂದ ಜನ ಮತ್ತೆ ಬೀದಿಗಿಳಿದರು, ಜೈಲಿಗೆ ಹೋದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದರು. ಈ ಕಥೆಗೆ ಚಲಿಸುವ ಚಿತ್ರ ಹುಡುಕಿ ನೋಡಿ, ತಲೆ ಕೆಡುತ್ತದೆ. ಬ್ರಿಟಿಷರ ಕಾಲದ ಸರ್ಕಾರಿ ನ್ಯೂಸ್‌ರೀಲ್ ಘಟಕ 1946ರಲ್ಲೇ ಮುಚ್ಚಿತು. ಫಿಲ್ಮ್ಸ್ ಡಿವಿಷನ್ ಹುಟ್ಟಿದ್ದು 1948ರಲ್ಲಿ. ನಮಗೆ ಬೇಕಾದ ವರ್ಷ ಸರಿಯಾಗಿ ಆ ಎರಡರ ನಡುವಿನ ಖಾಲಿ ಜಾಗದಲ್ಲಿ ಬಿದ್ದಿದೆ. ಹಾಗಾಗಿ ವಿದೇಶಿ ನ್ಯೂಸ್‌ರೀಲ್‌ಗಳು, ಖಾಸಗಿಯವರು ತೆಗೆದದ್ದು, ಇಷ್ಟನ್ನೇ ಜಾಲಾಡಬೇಕು. ಈ ಪರದಾಟ ಮಾರುವವರಿಗೂ ಗೊತ್ತು.

ಒಂದು ಏಜೆನ್ಸಿಯ ಪಟ್ಟಿಯಲ್ಲಿ "ಮೈಸೂರು ದಸರಾ, 1947" ಅಂತ ಒಂದು ಕ್ಲಿಪ್ ಸಿಕ್ಕಿತು. ವಾಟರ್‌ಮಾರ್ಕ್ ಹಾಕಿದ ಮಸುಕು ಕಾಪಿ ಕಳಿಸಿದರು. ನೋಡಿದ ತಕ್ಷಣ ನಮ್ಮ ಎಡಿಟರ್, "ಸಾರ್, ಜನ ಯಾಕೆ ಹೀಗೆ ಓಡ್ತಿದ್ದಾರೆ?" ಅಂದ. ಅವನ ಅನುಮಾನ ಸರಿಯಿತ್ತು. ಅದು ಮೂಕಿ ಕಾಲದ ಫಿಲ್ಮ್, ಸೆಕೆಂಡಿಗೆ 16 ಫ್ರೇಮ್‌ನ ಸುಮಾರಿಗೆ ತೆಗೆದದ್ದು. ಅದನ್ನು ಹಾಗೇ 25 ಫ್ರೇಮ್‌ಗೆ ಏರಿಸಿದ್ದಾರೆ. ಜನ ಓಡದೆ ಇನ್ನೇನು ಮಾಡ್ತಾರೆ! ಆಮೇಲೆ ಅಂಬಾರಿಯಲ್ಲಿ ಯಾರಿದ್ದಾರೆ ಅಂತ ಫ್ರೇಮ್ ನಿಲ್ಲಿಸಿ ನೋಡಿದೆವು. ಕೂತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅವರು ತೀರಿಕೊಂಡದ್ದು 1940ರ ಆಗಸ್ಟ್‌ನಲ್ಲಿ. 1947ರಲ್ಲಿ ಮಹಾರಾಜರಾಗಿದ್ದವರು ಜಯಚಾಮರಾಜ ಒಡೆಯರ್, ಆಗಿನ್ನೂ ಇಪ್ಪತ್ತೆಂಟರ ಹುಡುಗ. ಮೈಸೂರಿನ ಯಾವ ಹಳೇ ಮನೆಯ ಗೋಡೆ ನೋಡಿದ್ದರೂ ಇಬ್ಬರ ಮುಖದ ವ್ಯತ್ಯಾಸ ಗೊತ್ತಾಗುತ್ತದೆ. ಅಂದರೆ ಇದು 1920ರ ದಶಕದ ಆಸುಪಾಸಿನದು.

ಇರಲಿ, ಚಳವಳಿಗೆ ಮುಂಚಿನ ರಾಜವೈಭವ ತೋರಿಸೋಕೆ ಆಗುತ್ತದೆ, ತಗೊಳ್ಳೋಣ ಅಂದುಕೊಂಡೆವು. ಇಸವಿ ತಪ್ಪಿದೆ ಅಂತ ತಿಳಿಸಿದರೆ "ವಿವರಗಳಿಗೆ ನಾವು ಜವಾಬ್ದಾರರಲ್ಲ" ಅಂತ ಉತ್ತರ. ಸರಿ, ಬೆಲೆಗಾದರೂ ಜವಾಬ್ದಾರರು ತಾನೇ? ಸೆಕೆಂಡಿಗೆ 2,500 ರೂಪಾಯಿ, ಕನಿಷ್ಠ 30 ಸೆಕೆಂಡಿನ ದುಡ್ಡು ಕಟ್ಟಲೇಬೇಕು. ನಮಗೆ ಬೇಕಿದ್ದ ಭಾಗ ಅವರ ಓಡುವ ಕಾಪಿಯಲ್ಲಿ 22 ಸೆಕೆಂಡ್. ಜನ ಮನುಷ್ಯರ ಹಾಗೆ ನಡೆಯಲಿ ಅಂತ ವೇಗ ಸರಿಪಡಿಸಿದರೆ ಅದೇ 34 ಸೆಕೆಂಡ್ ಆಗುತ್ತದೆ. ಬಿಲ್ ಯಾವುದಕ್ಕೆ? ಪರದೆಯ ಮೇಲೆ ಎಷ್ಟು ಸೆಕೆಂಡ್ ಕಾಣುತ್ತದೋ ಅದಕ್ಕೆ. ಅವರು ಕೆಡಿಸಿದ್ದನ್ನು ನಾವು ರಿಪೇರಿ ಮಾಡಿದ್ದಕ್ಕೆ ನಮಗೇ ದಂಡ! 85,000 ಆಯ್ತು. ಮೇಲೆ 18% ಜಿಎಸ್‌ಟಿ ಸೇರಿ 1,00,300.

ಇದು ಇಂಡಿಯಾದಲ್ಲಿ ಟಿವಿಗೆ ಮಾತ್ರ, 5 ವರ್ಷಕ್ಕೆ ಮಾತ್ರ. ಇಂಟರ್ನೆಟ್ ಬೇಕಾದರೆ ಬೇರೆ ದರ, ಫೆಸ್ಟಿವಲ್‌ಗೆ ಬೇರೆ ದರ. ಐದು ವರ್ಷ ಆದಮೇಲೆ ಮತ್ತೆ ಕಟ್ಟದಿದ್ದರೆ ನಮ್ಮ ಸಿನಿಮಾವನ್ನು ನಾವೇ ಪ್ರಸಾರ ಮಾಡುವಂತಿಲ್ಲ.

ಈಗ ಕಾನೂನಿಗೆ ಬನ್ನಿ. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾಗೆ ಇರೋದು ಪ್ರಕಟವಾದ ಮೇಲೆ 60 ವರ್ಷ. 1920ರ ದಶಕದಲ್ಲಿ ಥಿಯೇಟರ್‌ಗಳಲ್ಲಿ ಓಡಿದ ನ್ಯೂಸ್‌ರೀಲ್‌ಗೆ ಇಲ್ಲಿ ಎಂದೋ ಅವಧಿ ಮುಗಿದಿದೆ. ಬ್ರಿಟನ್‌ನ ಲೆಕ್ಕ ಬೇರೆ ಇರಬಹುದು, ಅಲ್ಲಿ ತೋರಿಸುವುದಾದರೆ ಅದನ್ನು ಬೇರೆಯಾಗಿ ನೋಡಬೇಕು. ಆದರೆ ನಾವು ಕೇಳಿದ್ದು ಇಂಡಿಯಾದ ಟಿವಿಗೆ. ಇಲ್ಲಿ ಅವರ ಹತ್ತಿರ ಇರೋದು ರೀಲಿನ ಒಂದು ಒಳ್ಳೆ ಪ್ರತಿ, ಅಷ್ಟೇ. ಊರ ಬಾವಿಗೆ ಬೀಗ ಹಾಕಿ ಕೊಡಕ್ಕಿಷ್ಟು ಅಂತ ಕಾಸು ಕೇಳಿದ ಹಾಗೆ. ಇದು ಅವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಕರಾರಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅವರೇ ಬರೆದಿದ್ದಾರೆ: ಈ ದೃಶ್ಯದ ಹಕ್ಕು ನಮ್ಮದೇ ಅಂತ ನಾವು ಖಾತ್ರಿ ಕೊಡುವುದಿಲ್ಲ, ಯಾರಾದರೂ ಕೇಸು ಹಾಕಿದರೆ ನಮ್ಮ ಖರ್ಚನ್ನೂ ನೀವೇ ಭರಿಸಬೇಕು. ಲಕ್ಷ ರೂಪಾಯಿ ತಗೊಂಡು ಬರೆಯೋ ಮಾತಾ ಇದು?

ಇನ್ನೊಂದು ಕಡೆಯ ಕಥೆ ಕೇಳಿ. ಮದ್ದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಮಗೆ ಒಂದು ಫೋಟೋ ಸಿಕ್ಕಿತು. ಜೈಲಿನಿಂದ ಬಿಡುಗಡೆಯಾದ ಸತ್ಯಾಗ್ರಹಿಗಳು ಸ್ಟುಡಿಯೋಗೆ ಹೋಗಿ ಸಾಲಾಗಿ ನಿಂತು ತೆಗೆಸಿಕೊಂಡದ್ದು. ದಪ್ಪ ರಟ್ಟಿನ ಹಿಂದೆ ಸ್ಟುಡಿಯೋದ ಸೀಲು, ಪೆನ್ಸಿಲ್ಲಿನಲ್ಲಿ ಎಲ್ಲರ ಹೆಸರು. ಏಜೆನ್ಸಿಯವರಿಗೆ ಬಾರದ ಕೆಲಸವನ್ನು ಯಾರೋ ಪುಣ್ಯಾತ್ಮರು ಪೆನ್ಸಿಲ್ ಹಿಡಿದು ಮಾಡಿಟ್ಟಿದ್ದಾರೆ. ಆ ಮನೆಯ ಅಜ್ಜಿ, ಫೋಟೋದಲ್ಲಿರುವ ಒಬ್ಬರ ಮಗಳು, "ತಕೊಂಡೋಗಪ್ಪ, ನಾಕ್ ಜನ ನೋಡ್ಲಿ" ಅಂತ ಕೊಟ್ಟೇಬಿಟ್ಟರು. ಒಂದು ರೂಪಾಯಿ ಕೇಳಲಿಲ್ಲ. ನಾವು ಫೋಟೋವನ್ನು ಅಲ್ಲೇ ಜಗಲಿಯ ಮೇಲೆ ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟು ಬಂದೆವು.

ನಮ್ಮ ಡಾಕ್ಯುಮೆಂಟರಿ ಪ್ರಸಾರ ಮಾಡಲಿರುವ ಚಾನೆಲ್‌ನವರಿಗೆ ಇದು ಸಾಲದು. ಸ್ಟುಡಿಯೋದ ಸೀಲು ಇದೆಯಲ್ಲ, ಫೋಟೋಗ್ರಾಫರ್‌ನ ಒಪ್ಪಿಗೆ ಎಲ್ಲಿ ಅಂದರು. ಆ ಸ್ಟುಡಿಯೋ ಮುಚ್ಚಿ ಯಾವ ಕಾಲವಾಯ್ತೋ! ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಬ್ರಿಟಿಷರ 1911ರ ಕಾಯ್ದೆಯಲ್ಲೂ ಹಾಗೇ ಇತ್ತು, ನಮ್ಮ 1957ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲೂ ಹಾಗೇ ಇದೆ. ಇದನ್ನು ಬರೆದು ಕಳಿಸಿದರೆ, "ಹಾಗಾದರೆ ತೆಗೆಸಿದವರ ವಾರಸುದಾರರೆಲ್ಲರ ಸಹಿ ತನ್ನಿ" ಅಂದರು. ಅಜ್ಜಿಯ ಅಣ್ಣತಮ್ಮಂದಿರ ಮಕ್ಕಳು ಮಂಡ್ಯದಲ್ಲಿದ್ದಾರೆ, ಬೆಂಗಳೂರಲ್ಲಿದ್ದಾರೆ, ಒಬ್ಬರು ಅಮೆರಿಕದಲ್ಲಿದ್ದಾರೆ. ಜಮೀನು ಭಾಗದ ವಿಷಯಕ್ಕೆ ಮಾತು ಬಿಟ್ಟವರೂ ಇದ್ದಾರೆ. ಫೋಟೋಗೆ ಸಹಿ ಅಂದರೆ ಸಾಕು, "ಇದರಲ್ಲಿ ಪಾಲು ಏನಾದರೂ ಬರುತ್ತಾ?" ಅಂತ ಹೊಸ ಜಗಳ. ಚಂದಾಗಿ ಕೊಟ್ಟವರ ಮನೆಯಲ್ಲಿ ನಾವು ಕಡ್ಡಿ ಆಡಿಸಿದ ಹಾಗಾಯ್ತು.

ಆ ಒಪ್ಪಿಗೆ ಪತ್ರವೋ, ಪೂರ್ತಿ ಇಂಗ್ಲಿಷ್. ಅದನ್ನು ಕನ್ನಡದಲ್ಲಿ ಓದಿ ಹೇಳೋ ಪಾಡು ನನ್ನದು. ಈಗಿರುವ ಮತ್ತು ಮುಂದೆ ಕಂಡುಹಿಡಿಯಲಿರುವ ಎಲ್ಲ ಮಾಧ್ಯಮಗಳಲ್ಲಿ, ಇಡೀ ಬ್ರಹ್ಮಾಂಡದಲ್ಲಿ, ಎಂದೆಂದಿಗೂ ಬಳಸಬಹುದು ಅಂತ ಬರೆದಿದೆ. ತಮಾಷೆ ಅಲ್ಲ, ಈ ಥರದ ಪತ್ರಗಳಲ್ಲಿ ಬ್ರಹ್ಮಾಂಡ ಅಂತಲೇ ಹಾಕ್ತಾರೆ. ಹಕ್ಕೇ ಇಲ್ಲದವರು ಇಂಡಿಯಾ, ಟಿವಿ, 5 ವರ್ಷ ಅಂತ ಅಳೆದು ಅಳೆದು ಕೊಡ್ತಾರೆ. ಹಕ್ಕಿರುವ ಅಜ್ಜಿ ಮಾತ್ರ ಚಂದ್ರಲೋಕವನ್ನೂ ಸೇರಿಸಿ ಬರೆದುಕೊಡಬೇಕು. ಅಜ್ಜಿ ಕೇಳಿದರು, "ನಮ್ಮಪ್ಪನ್ ಪೋಟೋ ತೋರ್ಸಕ್ಕೆ ಇಷ್ಟೆಲ್ಲ ಯಾಕ್ ಬೇಕು ಮಗಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಆಗಿದ್ದೇನು ಗೊತ್ತಾ? ಏಜೆನ್ಸಿಯ ಕರಾರನ್ನು ಚಾನೆಲ್‌ನ ವಕೀಲರು ಒಂದೇ ದಿನದಲ್ಲಿ ಪಾಸ್ ಮಾಡಿದರು. ಯಾವ ಖಾತ್ರಿಯನ್ನೂ ಕೊಡದ ಕಾಗದ ಅದು, ಆದರೆ ಲೆಟರ್‌ಹೆಡ್ ಇದೆ, ಇನ್‌ವಾಯ್ಸ್ ಇದೆ, ಸಾಕು. ಅಜ್ಜಿಯ ಫೋಟೋ ಫೈಲ್ ಮಾತ್ರ ಇನ್ನೂ "ಪರಿಶೀಲನೆಯಲ್ಲಿ". ಮನೆಯವರಿಗೂ ಏನಾದರೂ ಸಂಭಾವನೆ ಕೊಡಿಸಿ ಅಂತ ನಾನು ಚಾನೆಲ್‌ಗೆ ಬರೆದೆ. ಬಜೆಟ್ ಶೀಟ್ ತಿದ್ದಿ ಕಳಿಸಿದ್ದಾರೆ: ಏಜೆನ್ಸಿಯ ಸಾಲಿನಲ್ಲಿ 1,00,300, ಕುಟುಂಬದ ಸಾಲಿನಲ್ಲಿ "ಕೃಪೆ".