'ಎಲ್ಲ ಕುಕಿಗಳನ್ನೂ ಅನುಮತಿಸಿ' ಎಂದು ಬರೆದವರಿಗೆ

ಇಂದು ಬೆಳಿಗ್ಗೆ ಪಕ್ಕದ ಮನೆಯ ಶಾರದಮ್ಮನವರು ಮೊಮ್ಮಗಳ ಹಾಸ್ಟೆಲ್ ಶುಲ್ಕ ಕಟ್ಟಲು ಕುಳಿತು, ಮೂರು ಸಲ ಕಾರ್ಡ್ ಸಂಖ್ಯೆ ತುಂಬಿ, ಮೂರು ಸಲವೂ 'ನಿಮ್ಮ ಸೆಷನ್ ಅವಧಿ ಮುಗಿದಿದೆ' ಎಂಬ ಸಾಲನ್ನು ನೋಡಿ, ಕೊನೆಗೆ ನನ್ನನ್ನು ಕರೆದರು. "ದುಡ್ಡು ಹೋಯಿತೋ ಉಳಿಯಿತೋ, ಅದೊಂದನ್ನು ನೋಡಿ ಹೇಳಪ್ಪ" ಎಂದರು. ಹಣ ಹೋಗಿರಲಿಲ್ಲ, ಓಟಿಪಿಯೂ ಬಂದಿರಲಿಲ್ಲ. ಕಾಲೇಜಿನ ತಾಣದಲ್ಲಿ ಇದಕ್ಕೊಂದು ಪರಿಹಾರವನ್ನೂ ಬರೆದಿದ್ದರು: 'ತೊಂದರೆಯಾದರೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಕುಕಿಗಳನ್ನೂ ಅನುಮತಿಸಿ.' ನನ್ನ ಸಿಟ್ಟು ಏರಿದ್ದು ಆ ಸಾಲನ್ನು ಓದಿದಾಗ.

ಆದದ್ದು ಇಷ್ಟು. ಬ್ರೌಸರಿನ ಮೇಲ್ಭಾಗದ ವಿಳಾಸಪಟ್ಟಿಯಲ್ಲಿದ್ದುದು ಕಾಲೇಜಿನ ತಾಣ. ಆ ಪುಟದ ನಡುವೆ ಒಂದು ಫ್ರೇಮ್, ಅದರೊಳಗೆ ಕಾರ್ಡ್ ಸಂಖ್ಯೆ ಕೇಳುತ್ತಿದ್ದುದು ಬೇರೆಯೇ ಡೊಮೇನ್‌ನ ಪೇಮೆಂಟ್ ಗೇಟ್‌ವೇ. ಇದೇ ಗ್ರಾಹಕರು ಎರಡನೆಯ ಹೆಜ್ಜೆಗೂ ಬಂದಿದ್ದಾರೆಂದು ಗುರುತಿಸಲು ಗೇಟ್‌ವೇ ಬ್ರೌಸರಿನಲ್ಲಿ ಕುಕಿ ಎಂಬ ಚಿಕ್ಕ ಗುರುತಿನ ಚೀಟಿಯೊಂದನ್ನು ಇಡಲು ನೋಡುತ್ತದೆ. ಬ್ರೌಸರಿನ ಕಣ್ಣಿಗೆ ಅದು ಥರ್ಡ್ ಪಾರ್ಟಿ ಕುಕಿ, ಅಂದರೆ ವಿಳಾಸಪಟ್ಟಿಯಲ್ಲಿ ಇಲ್ಲದವರ ಕುಕಿ. ಶಾರದಮ್ಮನವರ ಮಗ ಕ್ರೋಮ್‌ನಲ್ಲಿ ಅಂಥವನ್ನು ತಡೆದಿಟ್ಟಿದ್ದ, ಒಳ್ಳೆಯದನ್ನೇ ಮಾಡಿದ್ದ. ಕುಕಿ ಉಳಿಯಲಿಲ್ಲ, ಎರಡನೆಯ ಹೆಜ್ಜೆಯಲ್ಲಿ ಗೇಟ್‌ವೇಗೆ ಗುರುತು ಸಿಗಲಿಲ್ಲ, ಅದನ್ನೇ ಅದು 'ಅವಧಿ ಮುಗಿದಿದೆ' ಎಂದು ಹೇಳಿತು. ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ ಗೇಟ್‌ವೇಯಿಂದ ಬಂದ ಉತ್ತರದ `Set-Cookie` ಸಾಲನ್ನು ನೋಡಿದರೆ ಪಕ್ಕದಲ್ಲಿ ಎಚ್ಚರಿಕೆಯ ಹಳದಿ ಗುರುತು ಇತ್ತು. ಫ್ರೇಮ್ ತೆರೆದುಕೊಳ್ಳದೆ 'refused to connect' ಎಂದಿದ್ದರೆ ಕಥೆಯೇ ಬೇರೆ: ಅಲ್ಲಿ ಒಳಗಿನ ತಾಣವೇ ತನ್ನನ್ನು ಫ್ರೇಮ್‌ನಲ್ಲಿ ತೋರಿಸಬಾರದೆಂದು ಹೇಳಿರುವ ಸಾಧ್ಯತೆ ಹೆಚ್ಚು, ಕುಕಿಯ ಯಾವ ವಿನಾಯಿತಿಯೂ ಅದನ್ನು ಸರಿಪಡಿಸದು.

ಇಲ್ಲಿ ಒಂದು ತಪ್ಪೊಪ್ಪಿಗೆ. ಕಚೇರಿಯ ಸಹಾಯವಾಣಿಯಲ್ಲಿ ನಾನಿದ್ದ ಕಾಲದಲ್ಲಿ ಇದೇ ಸಾಲನ್ನು ನಾನೇ ಬರೆದು ಎಲ್ಲರಿಗೂ ಮಿಂಚಂಚೆಯಲ್ಲಿ ಕಳುಹಿಸಿದ್ದೆ. ದೂರುಗಳು ಒಂದೇ ದಿನದಲ್ಲಿ ನಿಂತವು, ನನ್ನನ್ನು ಹೊಗಳಿದರು. 'ಕೆಲಸ ಮುಗಿದ ಮೇಲೆ ಮತ್ತೆ ತಡೆಯಿರಿ' ಎಂದೂ ಬರೆದಿದ್ದೆ. ತಿಂಗಳುಗಳ ನಂತರ ನೋಡಿದಾಗ ಒಬ್ಬರೂ ಮತ್ತೆ ತಡೆದಿರಲಿಲ್ಲ, ನನ್ನ ಯಂತ್ರವೂ ಸೇರಿದಂತೆ. ಆದ್ದರಿಂದ ಈ ಬರಹದ ಕೋಪದಲ್ಲಿ ಒಂದು ಪಾಲು ನನ್ನ ಮೇಲಿನದೇ.

ವಿನಾಯಿತಿ ಕೊಡಬೇಕಾದರೆ ಅದು ಯಾವ ದಿಕ್ಕಿನದು ಎಂಬುದನ್ನು ಮೊದಲು ನೋಡಬೇಕು. 'ಗೇಟ್‌ವೇಯ ಕುಕಿ ಎಲ್ಲ ತಾಣಗಳಲ್ಲೂ ನಡೆಯಲಿ' ಎನ್ನುವುದು ಒಂದು; 'ಈ ಕಾಲೇಜಿನ ತಾಣದಲ್ಲಿರುವಾಗ ಮಾತ್ರ ಹೊರಗಿನವರ ಕುಕಿ ನಡೆಯಲಿ' ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಒಂದೇ ಹೆಸರು ಬರೆದಿರುತ್ತೇವಾದ್ದರಿಂದ ಅದು ಚಿಕ್ಕದೆನಿಸುತ್ತದೆ. ಆದರೆ ಅದೇ ಗೇಟ್‌ವೇ ಎಷ್ಟೋ ಅಂಗಡಿಗಳ ತಾಣಗಳಲ್ಲಿ ಕುಳಿತಿರುತ್ತದೆ, ಆ ಎಲ್ಲ ಕಡೆಯೂ ಒಂದೇ ಕುಕಿಯಿಂದ ನಮ್ಮನ್ನು ಗುರುತಿಸುವ ಅವಕಾಶವನ್ನು ನಾವೇ ಅದಕ್ಕೆ ಕೊಟ್ಟಂತಾಗುತ್ತದೆ. ಕುಕಿ ತಡೆದದ್ದೇ ಅದನ್ನು ತಪ್ಪಿಸಲು. ಎರಡನೆಯದರಲ್ಲಿ ಕಾಲೇಜಿನ ಪುಟದಲ್ಲಿರುವ ವಿಡಿಯೊ, ನಕ್ಷೆ, ಭೇಟಿಗಳನ್ನು ಎಣಿಸುವ ಸ್ಕ್ರಿಪ್ಟುಗಳಿಗೂ ಅವಕಾಶ ಸಿಗುತ್ತದೆ ನಿಜ. ಆದರೆ ಅದು ಆ ಒಂದು ತಾಣದ ಗಡಿ ದಾಟುವುದಿಲ್ಲ. ಹಣ ಕಟ್ಟುವ ಸಂದರ್ಭಕ್ಕೆ ಇದೇ ಸರಿ, ಏಕೆಂದರೆ ಓಟಿಪಿ ಕೇಳುವ ಬ್ಯಾಂಕಿನ ಪುಟ ಗೇಟ್‌ವೇಯ ಫ್ರೇಮ್‌ನೊಳಗೆ ಮತ್ತೊಂದು ಫ್ರೇಮ್ ಆಗಿ ಬರಬಹುದು. ಗೇಟ್‌ವೇಗೆ ಮಾತ್ರ ಅನುಮತಿ ಕೊಟ್ಟವರು ಮೊದಲ ಹೆಜ್ಜೆ ದಾಟಿ ಓಟಿಪಿಯ ಬಳಿ ಮತ್ತೆ ಸಿಕ್ಕಿಕೊಳ್ಳುತ್ತಾರೆ, ಆಗ ಇಡೀ ಉಪಾಯವೇ ಸುಳ್ಳೆಂದು ಕೈಬಿಡುತ್ತಾರೆ.

ಇದನ್ನು ಮಾಡುವುದು ಕಷ್ಟವೂ ಅಲ್ಲ. ಕ್ರೋಮ್‌ನಲ್ಲಿ ಕುಕಿ ತಡೆದಾಗ ವಿಳಾಸಪಟ್ಟಿಯ ಕೊನೆಯಲ್ಲಿ ಕಣ್ಣಿನ ಚಿಹ್ನೆ ಬರುತ್ತದೆ, ಅದನ್ನು ಒತ್ತಿ ಆ ತಾಣಕ್ಕೆ ಮಾತ್ರ ಬಿಡಬಹುದು. ಫೈರ್‌ಫಾಕ್ಸ್‌ನಲ್ಲಿ ಗುರಾಣಿಯ ಚಿಹ್ನೆ ಇದೆ. ಸಫಾರಿಯಲ್ಲಿ ಮಾತ್ರ ಹೀಗೆ ತಾಣವೊಂದಕ್ಕೆ ವಿನಾಯಿತಿ ಕೊಡುವ ಗುಂಡಿಯಿಲ್ಲ. ಇರುವುದು ಎಲ್ಲ ತಾಣಗಳಿಗೂ ಸೇರಿದ ಒಂದೇ ತಡೆಯ ಸ್ವಿಚ್ಚು. ಅಲ್ಲಿ ನಾನು ಆ ಸ್ವಿಚ್ಚನ್ನು ಮುಟ್ಟದೆ ಬೇರೆ ಕಂಪ್ಯೂಟರ್‌ಗೆ ಹೋಗುತ್ತೇನೆ.

ಕಚೇರಿಗಳಲ್ಲಿ ಇದನ್ನು ಇನ್ನೂ ಬಿಗಿಯಾಗಿ ಮಾಡಬಹುದು. ನಮ್ಮ ಕಚೇರಿಯ ತರಬೇತಿ ಪುಟದೊಳಗಿನ ಲಾಗಿನ್ ಫ್ರೇಮ್ ಪದೇಪದೇ ಪಾಸ್‌ವರ್ಡ್ ಕೇಳುತ್ತಿತ್ತು. ಲಾಗಿನ್ ಕೊಡುವವರು ಯಾವಾಗಲೂ ಒಬ್ಬರೇ ಆದ್ದರಿಂದ ಕಚೇರಿಯ ಯಂತ್ರಗಳಿಗೆಲ್ಲ ಅನ್ವಯಿಸುವ ಕ್ರೋಮ್ ಪಾಲಿಸಿಯಲ್ಲಿ ಜೋಡಿ ಹೆಸರು ಬರೆದೆವು. ಹೆಸರುಗಳನ್ನು ಬದಲಿಸಿದ್ದೇನೆ:

```
{"CookiesAllowedForUrls":
  ["https://login.example,https://office.example"]}
```

ಅಲ್ಪವಿರಾಮಕ್ಕೆ ಮೊದಲಿನದು ಫ್ರೇಮ್‌ನೊಳಗಿನ ತಾಣ, ನಂತರದ್ದು ವಿಳಾಸಪಟ್ಟಿಯ ತಾಣ. ಎರಡೂ ಹೊಂದಿದಾಗ ಮಾತ್ರ ಕುಕಿ ನಡೆಯುತ್ತದೆ. ಎರಡನೆಯ ಹೆಸರನ್ನು ಬರೆಯದಿದ್ದರೆ ಈ ಮಿತಿಯೇ ಇರುವುದಿಲ್ಲ, ಆ ಎಡವಟ್ಟನ್ನೂ ನಾನೇ ಮಾಡಿದ್ದೇನೆ. ಪಾಲಿಸಿ ಹಿಡಿದಿದೆಯೇ ಎಂಬುದು `chrome://policy` ಪುಟದಲ್ಲಿ ಕಾಣುತ್ತದೆ.

'ಕ್ರೋಮ್ ತಾನಾಗಿ ತಡೆಯುವುದೇ ಇಲ್ಲವಲ್ಲ, ಇಂಥ ಕುಕಿಗಳನ್ನು ಎಲ್ಲರಿಗೂ ತಡೆಯುವ ಯೋಜನೆಯನ್ನೇ ಗೂಗಲ್ ಕೈಬಿಟ್ಟಿತಲ್ಲ, ಇಷ್ಟೊಂದು ಗೋಳೇಕೆ' ಎಂದು ಮಿತ್ರರೊಬ್ಬರು ಕೇಳಿಯೇ ಕೇಳುತ್ತಾರೆ. ಕೈಬಿಟ್ಟದ್ದು ನಿಜ. ಆದರೆ ಸಫಾರಿ 2020ರ ಮಾರ್ಚ್‌ನಿಂದ ಇವನ್ನು ಪೂರ್ತಿ ತಡೆಯುತ್ತಿದೆ, ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ತಾಣಕ್ಕೂ ಬೇರೆ ಬೇರೆ ಡಬ್ಬಿಯಲ್ಲಿ ಕುಕಿ ಇಡುತ್ತಿದೆ, ಕ್ರೋಮ್‌ನದೇ ಇನ್‌ಕಾಗ್ನಿಟೊ ಕಿಟಕಿಯಲ್ಲೂ ಇವಕ್ಕೆ ತಡೆಯಿದೆ. ಇಷ್ಟು ವರ್ಷಗಳಾದ ಮೇಲೂ 'ಗ್ರಾಹಕರೇ ಹೊಂದಿಕೊಳ್ಳಲಿ' ಎನ್ನುವುದು ಸೋಮಾರಿತನ, ಅದಕ್ಕೆ ಸೌಮ್ಯವಾದ ಪದ ನನಗೆ ಹೊಳೆಯುತ್ತಿಲ್ಲ.

ಏಕೆಂದರೆ ತಾಣ ಕಟ್ಟುವವರ ಕೈಯಲ್ಲಿ ದಾರಿಗಳಿವೆ. ಹಣ ಕಟ್ಟುವ ಫ್ರೇಮ್‌ಗೆ ಹಳೆಯ ಗುರುತು ಬೇಕಿಲ್ಲ. ಆ ಹತ್ತು ನಿಮಿಷದ ಸೆಷನ್ ಅದೇ ಪುಟದಲ್ಲಿ ನೆನಪಿದ್ದರೆ ಸಾಕು. ಗೇಟ್‌ವೇ ಕುಕಿಯ ಸಾಲಿಗೆ `Partitioned` ಎಂಬ ಒಂದು ಪದ ಸೇರಿಸಿದ್ದರೆ ಶಾರದಮ್ಮನವರ ಕ್ರೋಮ್ ಅದನ್ನು ಆ ಕಾಲೇಜಿನ ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿತ್ತು, ಯಾರೂ ಯಾವ ಸೆಟ್ಟಿಂಗನ್ನೂ ಮುಟ್ಟಬೇಕಿರಲಿಲ್ಲ:

```
Set-Cookie: sid=...; Path=/; Secure; HttpOnly; SameSite=None; Partitioned
```

ಲಾಗಿನ್ ಫ್ರೇಮ್‌ಗೆ ಇದು ಸಾಲದು, ಏಕೆಂದರೆ ಅದಕ್ಕೆ ಬೇಕಾದುದು ಬೇರೆ ಕಡೆ ಆಗಲೇ ಮಾಡಿರುವ ಲಾಗಿನ್. ಬಳಕೆದಾರರು ಗುಂಡಿಯೊಂದನ್ನು ಒತ್ತಿದಾಗ ಫ್ರೇಮ್ `document.requestStorageAccess()` ಮೂಲಕ ಬ್ರೌಸರನ್ನು ಅನುಮತಿ ಕೇಳಬೇಕು. ಇವೆರಡೂ ಬೇಡವೆಂದರೆ ಫ್ರೇಮನ್ನೇ ಬಿಟ್ಟು, ಇಡೀ ಪುಟವನ್ನು ಗೇಟ್‌ವೇಗೆ ಕಳುಹಿಸಿ ಹಣ ಕಟ್ಟಿಸಿಕೊಂಡು ಮರಳಿ ಕರೆಸಿಕೊಳ್ಳಲಿ. ಆಗ ವಿಳಾಸಪಟ್ಟಿಯಲ್ಲಿ ಗೇಟ್‌ವೇಯ ಹೆಸರೇ ಇರುತ್ತದೆ, ಕುಕಿಯೂ ಅದರ ಸ್ವಂತದ್ದಾಗುತ್ತದೆ, ಕಾರ್ಡ್ ಸಂಖ್ಯೆಯನ್ನು ಯಾರಿಗೆ ಕೊಡುತ್ತಿದ್ದೇವೆಂಬುದೂ ಕಾಣುತ್ತದೆ.

ಶಾರದಮ್ಮನವರ ಲ್ಯಾಪ್‌ಟಾಪಿನಲ್ಲಿ ಮೊದಲು ಬ್ಯಾಂಕಿನ ಖಾತೆ ತೆರೆದು ಏನೂ ಕಡಿತವಾಗಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಕಣ್ಣಿನ ಚಿಹ್ನೆ ಒತ್ತಿ ಕಾಲೇಜಿನ ತಾಣಕ್ಕೆ ಮಾತ್ರ ಅನುಮತಿ ಕೊಟ್ಟೆವು. ಓಟಿಪಿ ಬಂತು, ರಸೀದಿಯೂ ಬಂತು. ಅನುಮತಿಯನ್ನು ಹಿಂತೆಗೆಯುತ್ತಿದ್ದಾಗ ಅವರು, "ಮುಂದಿನ ಕಂತಿಗೆ ಮತ್ತೆ ಇದನ್ನೆಲ್ಲ ಮಾಡಬೇಕೇನಪ್ಪ?" ಎಂದರು. ಮಾಡಬೇಕು ಎಂದೆ. "ಹಾಗಾದರೆ ಆ ದಿನವೂ ಊರಲ್ಲೇ ಇರು" ಎಂದು ಕಾಫಿ ತರಲು ಒಳಗೆ ಹೋದರು.