ಚಿ|| ಮಹಾಪುರುಷನಿಗೆ

ಇನ್‌ಲ್ಯಾಂಡ್ ಲೆಟರ್ ಎದುರಿಗಿಟ್ಟುಕೊಂಡು ಮುಕ್ಕಾಲು ಗಂಟೆಯಾಯಿತು. ಮೇಲೆ ‘ಶ್ರೀ’ ಬರೆದೆ. ಬಲಗಡೆ ‘ಹಾಸನ’ ಅಂತ ಬರೆದು ತಾರೀಖು ಹಾಕಿದೆ. ‘ಚಿ’ ಬರೆದು ಎರಡು ಗೀಟೂ ಎಳೆದೆ. ಅಲ್ಲಿಗೆ ಪೆನ್ನು ನಿಂತಿತು. ತಮ್ಮನ ಹುಟ್ಟುಹಬ್ಬದ ಕಾಗದ. ಏನೆಂದು ರೇಗಿಸಿ ಶುರು ಮಾಡಲಿ?

ಹೋದ ವರ್ಷ ‘ಚಿ|| ಬೋಳುತಲೆರಾಯನಿಗೆ’ ಎಂದು ಬರೆದಿದ್ದೆ. ‘ಕಾಗದ ತಲುಪಿತು’ ಅಂತ ವಾಟ್ಸಾಪಿನಲ್ಲಿ ಎರಡೇ ಪದ ಬಂತು. ಚುಚ್ಚಿಕೊಂಡಿದೆ ಅಂತ ಆಗಲೇ ಗೊತ್ತಾಯಿತು. ಇಷ್ಟವಾಗಿದ್ದರೆ ಹೆಂಡತಿಗೆ ಓದಿ ಹೇಳುತ್ತಾನೆ, ಅವಳು ನನಗೆ ಫೋನ್ ಮಾಡಿ ನಗುತ್ತಾಳೆ. ಉದುರುತ್ತಿರುವ ಕೂದಲು ಇವತ್ತಿನ ಸಂಕಟ, ಅದನ್ನು ಮುಟ್ಟಬಾರದಿತ್ತು. ರೇಗಿಸೋಕೆ ಯಾವತ್ತೋ ವಾಸಿಯಾದ ಗಾಯವೇ ಬೇಕು.

ಅಂಥದ್ದೊಂದು ಇದೆ. ಅವನು ಹುಟ್ಟಿದ್ದು ಆಶ್ವಯುಜದಲ್ಲಿ. ನಮ್ಮೂರ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವುದೂ ವರ್ಷಕ್ಕೊಮ್ಮೆ ಆಗಲೇ, ಹುಣ್ಣಿಮೆ ಕಳೆದ ಮೊದಲ ಗುರುವಾರ. ಅವನಿಗೆ ಐದು ವರ್ಷ, ನನಗೆ ಹನ್ನೊಂದು. ‘ನಿನ್ನ ಹುಟ್ಟುಹಬ್ಬಕ್ಕೇ ಕಣೋ ಬಾಗಿಲು ತೆಗೆಯೋದು. ಇಷ್ಟು ಜನ ಬಂದಿರೋದು ನಿನ್ನನ್ನ ನೋಡೋಕೆ’ ಅಂದೆ. ನಂಬಿದ. ಬಾಗಿಲು ತೆಗೆಯುವ ಮುಂಚೆ ಬಾಳೆಕಂದು ಕಡಿಯುತ್ತಾರೆ ಅಂತ ಅಜ್ಜಿ ಹೇಳಿದ್ದನ್ನೂ ಸೇರಿಸಿಕೊಂಡು, ತನಗೆ ಕೇಕಿನ ಬದಲು ಅದನ್ನು ಕತ್ತರಿಸುತ್ತಾರೆ ಅಂದುಕೊಂಡ. ದರ್ಶನದ ಸಾಲಿನಲ್ಲಿ ಹಿಂದೆ ಮುಂದೆ ಇದ್ದವರಿಗೆಲ್ಲ ಕೈ ಮುಗಿದು ‘ಬಂದ್ರಾ? ಊಟ ಮಾಡ್ಕೊಂಡು ಹೋಗಿ’ ಅಂತ ಉಪಚಾರ. ಅರಸೀಕೆರೆ ಕಡೆಯ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಎಂಟಾಣೆ ಕೊಟ್ಟಳು. ಅದನ್ನು ನೋಡಿ ಇನ್ನೊಬ್ಬರು ಕೊಟ್ಟರು. ಒಳಗೆ ಹೋಗುವಷ್ಟರಲ್ಲಿ ಚಡ್ಡಿ ಜೇಬಿನಲ್ಲಿ ಮೂರೂವರೆ ರೂಪಾಯಿ! ಒಳಗೆ ನೋಡಿದರೆ ಎಲ್ಲರೂ ದೇವಿಗೆ ಕೈ ಮುಗಿಯುತ್ತಿದ್ದಾರೆ, ಇವನ ಕಡೆ ಯಾರೂ ತಿರುಗುತ್ತಿಲ್ಲ. ‘ನನ್ನ ಹೆಸರೇ ಹೇಳ್ಲಿಲ್ಲ’ ಅಂತ ಗುಡಿ ಕಿತ್ತುಹೋಗುವ ಹಾಗೆ ಅತ್ತ. ಅಪ್ಪ ನನಗೆ ಬಾರಿಸಿದರು. ಮೂರೂವರೆ ರೂಪಾಯಿ ಮಾತ್ರ ಅವನೇ ಇಟ್ಟುಕೊಂಡ. ನನಗೆ ಇವತ್ತಿಗೂ ಅದರ ಲೆಕ್ಕ ಬಂದಿಲ್ಲ.

ಬರೆದೆ: ‘ಚಿ|| ಹಾಸನಾಂಬೆಯ ಬಾಗಿಲು ತೆಗೆಸಿದ ಮಹಾಪುರುಷನಿಗೆ, ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.’ ಮುಂದೆ ಚಿರಂಜೀವಿ, ಹಿಂದೆ ಆಶೀರ್ವಾದ. ನಡುವೆ ಏನು ಅಂದರೂ ನಡೆಯುತ್ತದೆ, ಅಲ್ವಾ?

ಕಥೆಯನ್ನೂ ಬರೆಯುತ್ತಾ ಹೋದೆ, ಜಾಗ ಮುಗಿಯಿತು. ಇನ್‌ಲ್ಯಾಂಡಿನೊಳಗೆ ಬೇರೆ ಚೀಟಿ ಇಡುವ ಹಾಗಿಲ್ಲ. ಅಮ್ಮನ ಮಂಡಿನೋವಿಗೆ ನಾನೊಬ್ಬಳೇ ಡಾಕ್ಟರ ಹತ್ತಿರ ಓಡಾಡುತ್ತಿದ್ದೇನೆ, ನೀನು ಬೆಂಗಳೂರಿನಲ್ಲಿ ಕೂತು ಹೆಬ್ಬೆರಳಿನ ಚಿತ್ರ ಕಳಿಸುತ್ತೀಯಲ್ಲ, ನಾಚಿಕೆಯಾಗಲ್ವಾ ಅಂತ ಕೇಳುವುದಿತ್ತು. ಅದನ್ನು ಮಡಿಕೆಯ ಅಂಚಿನಲ್ಲಿ ಇರುಕಿಸಿದೆ. ಗೋಂದು ಸರಿಯಾಗಿ ಅದರ ಮೇಲೇ ಬಿತ್ತು.

ಇನ್ನು ವಿಳಾಸ. ಮಹಾಪುರುಷ ಮನೆ ಬದಲಾಯಿಸಿದ್ದಾನೆ. ಫೋನ್ ಮಾಡಿ ಕೇಳಿದೆ.

‘ಯಾಕಕ್ಕಾ?’

‘ಸುಮ್ನೆ.’

‘ಕಾಗದ ತಾನೆ? ಈ ಸಲ ತಲೆ ವಿಷಯ ಬೇಡ’ ಅಂದ.